ಸಾಫ್ಟ್ ಲೈಟ್ ಕೆಳಗೆ, ಕಲರ್ ಮೇಲೆ: ಫೋಟೋಶಾಪ್‌ನಲ್ಲಿ ಲಿಪ್‌ಸ್ಟಿಕ್, ಐಶ್ಯಾಡೋ ಹಾಕಿದ ನನ್ನ ಅನುಭವ

ಫೋಟೋದಲ್ಲಿ ಲಿಪ್‌ಸ್ಟಿಕ್ ಹಾಕೋದು ಅಂದ್ರೆ ನಾವೆಲ್ಲ ಮಾಡ್ತಿದ್ದಿದ್ದು ಒಂದೇ. ತುಟಿಗೆ ಮಾಸ್ಕ್, ಸಾಲಿಡ್ ಕಲರ್ ಲೇಯರು, ಕಲರ್ ಮೋಡು, ಸಪ್ಪೆ ಅನ್ನಿಸಿದ್ರೆ ಅದರ ಮೇಲೊಂದು ಸಾಫ್ಟ್ ಲೈಟ್. ನಾನು ಈ ಎರಡನ್ನ ಉಲ್ಟಾ ಮಾಡಿದೀನಿ, ಸಾಫ್ಟ್ ಲೈಟ್ ಕೆಳಗೆ, ಕಲರ್ ಮೇಲೆ, ಅದೂ ಕಲರ್ ಪೂರ್ತಿ ನೂರಕ್ಕಲ್ಲ. ಇದನ್ನ ಮೊದಲು ಹೇಳಿದಾಗ ನನಗೆ ರೀಟಚಿಂಗ್ ಕಲಿಸಿದ ಅಣ್ಣನೇ "ಕಲರ್ ಮೇಲೆ ಕೂತ್ರೆ ತುಟಿ ಸತ್ತೋಗುತ್ತೆ ಕಣೋ, ಸಾಫ್ಟ್ ಲೈಟಿನ ಪಂಚೇ ಹೋಗುತ್ತೆ" ಅಂದಿದ್ರು. ಈಗ ಅವರ ಫೈಲ್ ತೆಗೆದು ನೋಡಿದ್ರೆ ಲೇಯರ್ ಇರೋದು ನನ್ನ ಆರ್ಡರ್‌ನಲ್ಲೇ, ಅದನ್ನ ಒಪ್ಕೊಳ್ಳಲ್ಲ ಅಷ್ಟೆ.

ತಲೆ ಕೆಡಿಸಿದ ಕೆಲಸ ಯಾವುದು ಅಂದ್ರೆ ಒಂದು ಶೇಡ್ ಕಾರ್ಡ್. ಒಬ್ಬಳೇ ಮಾಡೆಲ್, ಡಜನ್ ಹತ್ರ ಶೇಡು. ನಿಜವಾಗ್ಲೂ ಹಚ್ಚಿ ತೆಗೆದಿದ್ದು ಎರಡೋ ಮೂರೋ, ಯಾಕಂದ್ರೆ ಒರೆಸಿ ಒರೆಸಿ ಹಚ್ತಾ ಹೋದ್ರೆ ತುಟಿ ಕೆಂಪಾಗಿ ಊದ್ಕೊಳ್ಳುತ್ತೆ, ಆಮೇಲಿನ ಶೇಡ್ ಯಾವುದೂ ಸರಿಯಾಗಿ ಬರಲ್ಲ, ಸ್ಟುಡಿಯೋ ಬಾಡಿಗೆ ಬೇರೆ ಗಂಟೆ ಲೆಕ್ಕದಲ್ಲಿ ಓಡ್ತಿರುತ್ತೆ. ಉಳಿದಿದ್ದನ್ನ ನಾನು ಹಾಕಬೇಕು ಅಂತ ಒಪ್ಪಂದ, ರೇಟು ಶೇಡಿಗೆ ಇಷ್ಟು ಅಂತ, ಕರೆಕ್ಷನ್ ಎಷ್ಟು ಸಲ ಬಂದ್ರೂ ಎಕ್ಸ್‌ಟ್ರಾ ಇಲ್ಲ. ಹಳೇ ರೀತಿಯಲ್ಲಿ ಮಾಡಿ ಕಳಿಸಿದ ಮೊದಲ ಲಾಟು ಪೂರ್ತಿ ವಾಪಸ್ ಬಂತು, ಜೊತೆಗೆ "ಟ್ಯೂಬಲ್ಲಿರೋದು ಮರೂನು, ನೀವು ಹಾಕಿರೋದು ಗುಲಾಬಿ" ಅನ್ನೋ ಕಾಮೆಂಟು. ಹೀಗೆ ಎರಡು ರೌಂಡ್ ಆದಮೇಲೆ ಗಂಟೆ ಲೆಕ್ಕ ಹಾಕಿದ್ರೆ ಮಾಮೂಲಿ ಬ್ಯಾಕ್‌ಗ್ರೌಂಡ್ ಕಟಿಂಗ್ ರೇಟಿಗಿಂತ ಕಮ್ಮಿ ಬೀಳ್ತಿತ್ತು.

ಆಗ ಕಣ್ಣಂದಾಜು ಬಿಟ್ಟು ಐಡ್ರಾಪರ್ ಹಿಡ್ಕೊಂಡು ನಂಬರ್ ನೋಡೋಕೆ ಶುರು ಮಾಡಿದೆ, 5×5 ಆವರೇಜ್‌ಗೆ ಇಟ್ಟು. ನೆನಪಲ್ಲಿರೋ ನಂಬರ್ ಹೇಳ್ತೀನಿ. ಕೆಳತುಟಿಯ ಮಧ್ಯಭಾಗ ಸುಮಾರು ಆರ್ 165, ಜಿ 105, ಬಿ 100. ಅದೇ ಲೈಟಲ್ಲಿ ತೆಗೆದ ಸ್ವಾಚ್ 150, 20, 40. ಇದನ್ನ ನೇರ ಕಲರ್ ಮೋಡಲ್ಲಿ ಹಾಕಿದ್ರೆ ಬರೋದು 211, 81, 101ರ ಆಸುಪಾಸು, ಅಂದ್ರೆ ಹವಳದ ಗುಲಾಬಿ. ಕಲರ್ ಮೋಡು ಕೆಳಗಿನ ಬ್ರೈಟ್‌ನೆಸ್ ಮುಟ್ಟಲ್ಲ, ಅದಕ್ಕೇ ಟೆಕ್ಸ್ಚರ್ ಉಳಿಯೋದು, ಆದ್ರೆ ಅದಕ್ಕೇ ಮರೂನ್ ಕೂಡ ತುಟಿಯ ಬ್ರೈಟ್‌ನೆಸ್‌ಗೆ ಏರಿ ಗುಲಾಬಿ ಆಗೋದು. ತುಟಿ ಇರೋದು 120ರ ಹತ್ರ, ಸ್ವಾಚ್ 60ರ ಹತ್ರ, ಈ ಗ್ಯಾಪ್ ತುಂಬದೆ ಬಣ್ಣ ಎಷ್ಟು ಬದಲಾಯಿಸಿದ್ರೂ ವೇಸ್ಟು.

ಗ್ಯಾಪ್ ತುಂಬೋಕೆ ಕಲರ್ ಮೇಲೆ ಅದೇ ಬಣ್ಣದ ಸಾಫ್ಟ್ ಲೈಟ್ ಹಾಕಿದ್ರೆ 215, 34, 59 ಬರುತ್ತೆ. ಕಡು ಕೆಂಪೇನೋ ಆಯ್ತು, ಆದ್ರೆ ಆರ್ ಚಾನೆಲ್ ಒಂಚೂರೂ ಇಳಿದಿಲ್ಲ ನೋಡಿ. ಸಾಫ್ಟ್ ಲೈಟ್ ಒಂದೊಂದು ಚಾನೆಲನ್ನ ಬೇರೆಬೇರೆಯಾಗಿ ಎಳೆಯುತ್ತೆ, ಅದಕ್ಕೇ ಆ ನಿಯಾನ್ ಥರದ ಕೆಂಪು. ಅದೇ ಸಾಫ್ಟ್ ಲೈಟನ್ನ ಮೊದಲು ಬರೀ ತುಟಿ ಮೇಲೆ ಹಾಕಿ, ಅದರ ಮೇಲೆ ಕಲರ್ ಇಟ್ರೆ 178, 48, 68. ಸ್ವಾಚ್‌ಗಿಂತ ಇನ್ನೂ ಸ್ವಲ್ಪ ತಿಳಿ, ಆದ್ರೆ ಬಣ್ಣದ ಜಾತಿ ಕರೆಕ್ಟಾಗಿ ಅದೇ. ಸಾಫ್ಟ್ ಲೈಟಿಗೆ ಬ್ರೈಟ್‌ನೆಸ್ ಇಳಿಸೋ ಕೆಲಸ, ಕಲರ್‌ಗೆ ಶೇಡ್ ಕೂರಿಸೋ ಕೆಲಸ, ಒಬ್ಬರ ಕೆಲಸದಲ್ಲಿ ಇನ್ನೊಬ್ಬರು ಕೈ ಹಾಕಲ್ಲ. ಇನ್ನೂ ಕಡು ಬೇಕಂದ್ರೆ ನಾನು ಕಲರ್ ಲೇಯರ್ ಮುಟ್ಟೋದೇ ಇಲ್ಲ, ಸಾಫ್ಟ್ ಲೈಟ್ ಬಣ್ಣನ 70, 5, 15 ಥರ ಇನ್ನೂ ಕಪ್ಪು ಮಾಡ್ತೀನಿ, ಬ್ರೈಟ್‌ನೆಸ್ 90ರಿಂದ 75ರ ಹತ್ರ ಇಳಿಯುತ್ತೆ. ಆದ್ರೆ ಇದಕ್ಕೂ ಒಂದು ತಳ ಇದೆ, ಪೂರ್ತಿ ಕಪ್ಪು ಹಾಕಿದ್ರೂ ಈ ತುಟಿ 60ಕ್ಕಿಂತ ಕೆಳಗೆ ಹೋಗಲ್ಲ. ನೇರಳೆ ಹಣ್ಣಿನ ಬಣ್ಣದ ಶೇಡಿಗೆ ಅದಕ್ಕೇ ಎಲ್ಲಕ್ಕಿಂತ ಕೆಳಗೆ ಒಂದು ಕರ್ವ್ಸ್ ಕೂಡ ಬೇಕಾಯ್ತು.

ಈಗ ಅಣ್ಣ ಹೇಳಿದ ಸತ್ತ ತುಟಿ ವಿಷಯ. ಅವರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಕಲರ್ 100% ಇಟ್ರೆ ಗೆರೆ, ಸಿಪ್ಪೆ ಎಲ್ಲ ಕಾಣುತ್ತೆ, ಆದ್ರೂ ಪೇಂಟ್ ಬಳಿದ ಹಾಗೇ ಇರುತ್ತೆ, ಟೆಕ್ಸ್ಚರ್ ಇದೆಯಲ್ಲ ಆದ್ರೂ ಯಾಕೆ ಹಿಂಗೆ ಅಂತ ತುಂಬಾ ದಿನ ಅರ್ಥ ಆಗಿರ್ಲಿಲ್ಲ. ನಿಜವಾದ ತುಟಿಲಿ ಒಳಗಡೆ ಕೆಂಪು ಜಾಸ್ತಿ, ಅಂಚಿಗೆ ಬರ್ತಾ ಕಂದು, ಗೆರೆಗಳ ಒಳಗೆ ಇನ್ನೊಂದು ಥರ. ಕಲರ್ ಮೋಡು ಬ್ರೈಟ್‌ನೆಸ್ ಉಳಿಸಿದ್ರೂ ಈ ಬಣ್ಣದ ಏರಿಳಿತನೆಲ್ಲ ಒರೆಸಿ ಒಂದೇ ಬಣ್ಣ ಮಾಡಿಬಿಡುತ್ತೆ. ಅದಕ್ಕೆ ಅದರ ಒಪಾಸಿಟಿ 70ರಿಂದ 80ರೊಳಗೆ ಇಡ್ತೀನಿ, ಉಳಿದ ಕಾಲುಭಾಗದಲ್ಲಿ ಕೆಳಗಿನ ತುಟಿ ಉಸಿರಾಡುತ್ತೆ. ಶೇಡ್ ಒಂದು ಕೂದಲೆಳೆ ಆಚೀಚೆ ಆಗುತ್ತೆ, ಅದನ್ನ ಸಾಲಿಡ್ ಕಲರ್ ಡಬಲ್ ಕ್ಲಿಕ್ ಮಾಡಿ ಸರಿ ಮಾಡ್ಕೋಬಹುದು.

ಇನ್ನೊಂದು ಹೊಳಪು. ಕೆಳತುಟಿ ಮೇಲೆ ಬಿದ್ದಿರೋ ಲೈಟಿನ ಮಚ್ಚೆ 235, 215, 210 ಇದ್ರೆ ಕಲರ್ ಅದನ್ನ 255, 204, 212 ಮಾಡುತ್ತೆ, ಅಂದ್ರೆ ಹೊಳಪೂ ಗುಲಾಬಿ. ಹೊಳಪಿಗೆ ಲೈಟಿನ ಬಣ್ಣ ಇರಬೇಕು, ಲಿಪ್‌ಸ್ಟಿಕ್ ಬಣ್ಣ ಅಲ್ಲ, ಇದೊಂದು ತಪ್ಪಿದ್ರೆ ನೋಡೋರಿಗೆ ಕಾರಣ ಗೊತ್ತಾಗದೆ "ಏನೋ ಪ್ಲಾಸ್ಟಿಕ್ ಥರ ಇದೆ" ಅಂತಾರೆ. ಬ್ಲೆಂಡ್ ಇಫ್‌ನಲ್ಲಿ ಅಂಡರ್‌ಲೈಯಿಂಗ್ ಲೇಯರಿನ ಬಿಳಿ ತುದಿನ ಆಲ್ಟ್ ಹಿಡಿದು ಸೀಳಿ ಸುಮಾರು 170 ಮತ್ತು 230ಕ್ಕೆ ಇಡ್ತೀನಿ. ಕರ್ವ್ಸ್ ಇದ್ರೆ ಅದನ್ನ ಸೆಟ್ ಮಾಡಿದ ಮೇಲೇ ಇದನ್ನ ಇಡಿ, ಕೆಳಗೆ ಕಪ್ಪಾದ್ರೆ ಈ ನಂಬರೂ ಇಳೀಬೇಕಾಗುತ್ತೆ. ಗ್ಲಾಸ್ ಫಿನಿಶ್‌ಗೆ ಹೊಳಪನ್ನ ಹೆಚ್ಚು ಮಾಡೋ ಲೇಯರ್ ಒಂದು ಬೇರೆ ಇದೆ, ಅದು ನನ್ನ ಹೊಟ್ಟೆಪಾಡು, ಇಲ್ಲಿ ಬಿಡಲ್ಲ.

ಲೇಯರ್‌ಗಳನ್ನ ಒಂದು ಗ್ರೂಪಿಗೆ ಹಾಕಿ ಮಾಸ್ಕ್ ಗ್ರೂಪಿಗೇ ಕೊಡೋದು ವಾಸಿ, ಅಂಚಿಗೆ ಎರಡು ಮೂರು ಪಿಕ್ಸೆಲ್ ಫೆದರ್, ಹಲ್ಲಿನ ಕಡೆ ಇನ್ನೂ ಕಮ್ಮಿ. ಗ್ರೂಪು ಪಾಸ್ ಥ್ರೂ ನಲ್ಲೇ ಇರಬೇಕು. ನಮ್ಮ ಜೊತೆ ಕೆಲಸ ಮಾಡೋ ಹುಡುಗ ಒಬ್ಬ "ಅಣ್ಣ, ನಿಮ್ಮ ರೀತಿ ನಂಗೆ ಬರ್ತಿಲ್ಲ, ತುಟಿ ಪೂರ್ತಿ ಸ್ಟಿಕರ್ ಥರ ಆಗಿದೆ" ಅಂತ ಫೈಲ್ ಕಳ್ಸಿದ್ದ, ನೋಡಿದ್ರೆ ಗ್ರೂಪು ನಾರ್ಮಲ್‌ಗೆ ಇತ್ತು, ಒಳಗಿನ ಲೇಯರಿಗೆ ಕೆಳಗಿನ ಮುಖ ಕಾಣೋದೇ ಇಲ್ಲ ಅಂದ್ಮೇಲೆ ಇನ್ನೇನಾಗುತ್ತೆ.

ಐಶ್ಯಾಡೋಗೆ ಬಂದ್ರೆ ಆರ್ಡರ್ ಅದೇ, ಆದ್ರೆ ಮಾಸ್ಕ್ ಒಂದೇ ಇಟ್ರೆ ಕೆಡುತ್ತೆ. ತುಟಿಗೆ ಅಂಚು ಅಂತ ಒಂದಿದೆ, ರೆಪ್ಪೆಗೆ ಇಲ್ಲ, ಬಣ್ಣ ಕರಗಿ ಹೋಗಬೇಕು. ನೇರಳೆ, ನೀಲಿ ಶೇಡುಗಳಲ್ಲಿ ಕಲರ್ ಲೇಯರು ಸಾಫ್ಟ್ ಲೈಟಿಗಿಂತ ಆಚೆ ಹರಡಿದ್ರೆ ಆ ಅಂಚಲ್ಲಿ ಚರ್ಮ ಕಪ್ಪಾಗದೆ ಬರೀ ಬಣ್ಣ ಮಾತ್ರ ಹತ್ತುತ್ತೆ, ನೋಡೋಕೆ ಯಾರೋ ಕಣ್ಣಿಗೆ ಗುದ್ದಿದ ಹಾಗೆ. ಅದಕ್ಕೆ ಸಾಫ್ಟ್ ಲೈಟ್ ಮಾಸ್ಕ್ ಅಗಲ, ಹುಬ್ಬಿನ ಮೂಳೆ ಹತ್ರದವರೆಗೂ ತೆಳ್ಳಗೆ ಹೋಗಲಿ, ಅದಕ್ಕೆ ಕಂದು ಬಣ್ಣ. ಕಲರ್ ಮಾಸ್ಕ್ ಅದರೊಳಗೆ, ರೆಪ್ಪೆ ಮಡಿಕೆಯಿಂದ ಸ್ವಲ್ಪ ಮೇಲಕ್ಕೆ ನಿಲ್ಲಲಿ. ಆಗ ನೇರಳೆ ಕಂದಾಗಿ, ಕಂದು ಚರ್ಮವಾಗಿ ಕರಗುತ್ತೆ. ಬ್ರಷ್ ಹಾರ್ಡ್‌ನೆಸ್ ಸೊನ್ನೆ, ಫ್ಲೋ 4, 5%, ತಾಳ್ಮೆಯಿಂದ ಒಂದರ ಮೇಲೊಂದು ಸ್ಟ್ರೋಕ್. ಫೈಲ್ 16 ಬಿಟ್‌ನಲ್ಲಿರಲಿ, 8 ಬಿಟ್‌ನಲ್ಲಿ ಇಷ್ಟು ತೆಳ್ಳಗಿನ ಗ್ರೇಡಿಯಂಟ್ ಹುಬ್ಬಿನ ಕೆಳಗೆ ಪಟ್ಟೆ ಪಟ್ಟೆ ಆಗುತ್ತೆ. ಒಂದು ಲಾಭ ಏನಂದ್ರೆ ಕಣ್ರೆಪ್ಪೆ ಕೂದಲಿಗೆ ಮಾಸ್ಕ್ ಕೊರೀಬೇಕಾಗಿಲ್ಲ, ಕಪ್ಪು ಇರೋ ಕಡೆ ಎರಡು ಮೋಡೂ ಹೆಚ್ಚೇನೂ ಮಾಡಲ್ಲ. ಕಣ್ಣಿನ ಬಿಳಿಭಾಗ ಮಾತ್ರ ಒರೆಸ್ಕೊಳ್ಳಿ.

ಶಿಮ್ಮರ್ ಕೂಡ ಟ್ರೈ ಮಾಡಿದ್ದೆ. 50% ಗ್ರೇ ಲೇಯರು, ಆಡ್ ನಾಯ್ಸ್, ಸಾಫ್ಟ್ ಲೈಟ್. ಹೊಳೆಯೋ ಬದಲು ಐಎಸ್‌ಒ ಜಾಸ್ತಿ ಇಟ್ಟು ತೆಗೆದ ಫೋಟೋ ಥರ ಬಂತು, ನಾಯ್ಸ್‌ಗೆ ಚರ್ಮದ ಏರಿಳಿತ ಗೊತ್ತಿಲ್ಲವಲ್ಲ. ಆಮೇಲೆ ನಾಯ್ಸ್ ಬಿಟ್ಟು, ತಿಳಿ ಬಂಗಾರದ ಬಣ್ಣನ ಸಾಫ್ಟ್ ಲೈಟಲ್ಲಿ ಹಾಕಿ, ಬ್ಲೆಂಡ್ ಇಫ್‌ನ ಕಪ್ಪು ತುದಿನ ಬಲಕ್ಕೆ ಸೀಳ್ತಾ ಹೋದೆ, ರೆಪ್ಪೆಯಲ್ಲಿ ಆಗಲೇ ಬೆಳಕು ಹಿಡಿದಿರೋ ಸಣ್ಣ ಸಣ್ಣ ಬಿಂದುಗಳಲ್ಲಿ ಮಾತ್ರ ಬಂಗಾರ ಉಳೀತು. ದೊಡ್ಡ ಕಣದ ಗ್ಲಿಟರ್ ಇದರಲ್ಲಿ ಆಗಲ್ಲ, ಅದನ್ನ ಹಚ್ಚಿಯೇ ತೆಗೀಬೇಕು.

ಅದೇ ಶೇಡ್ ಕಾರ್ಡ್ ಈ ರೀತಿಯಲ್ಲಿ ಮಾಡಿ ಕಳಿಸಿದಾಗ ಮರೂನ್ ಒಂದಕ್ಕೆ ಮಾತ್ರ "ಸ್ವಲ್ಪ ಕಡು" ಅಂತ ಬಂತು, ಅದು ಡಬಲ್ ಕ್ಲಿಕ್ಕಿನ ಕೆಲಸ. ಈಗ ಮೊದಲ ಶೇಡ್ ಕೂರಿಸೋಕೆ ಅರ್ಧ ಗಂಟೆ ಮೇಲೆ ಹಿಡಿದ್ರೂ ಆಮೇಲಿನದೆಲ್ಲ ಐದೈದು ನಿಮಿಷ. ರೇಟು ಹಳೇದೇ ಇಟ್ಟಿದೀನಿ, ಬೇಗ ಮುಗಿಯುತ್ತೆ ಅಂತ ಯಾರಿಗೂ ಹೇಳಿಲ್ಲ.

ಕಷ್ಟ ಇರೋದು ಉಲ್ಟಾ ಕೇಸಲ್ಲಿ, ಕಪ್ಪು ಛಾಯೆಯ ತುಟಿಗೆ ತಿಳಿ ನ್ಯೂಡ್ ಶೇಡು. ತಿಳಿ ಬಣ್ಣದ ಸಾಫ್ಟ್ ಲೈಟ್ ತುಟಿನ ಏರಿಸೇನೋ ಏರಿಸುತ್ತೆ, ಆದ್ರೆ ಕಪ್ಪಾಗಿರೋ ಕಡೆನೇ ಜಾಸ್ತಿ ಏರಿಸುತ್ತೆ, ಗೆರೆಗಳು ತುಂಬ್ಕೊಂಡು ಎರಡು ತುಟಿ ಸೇರೋ ಕತ್ತಲೆ ಗೆರೆ ಬೂದಿ ಬಣ್ಣಕ್ಕೆ ಬರುತ್ತೆ, ಅದರ ಮೇಲೆ ನಾಯ್ಸ್ ಬೇರೆ ಎದ್ದು ಕಾಣುತ್ತೆ. ಬ್ಲೆಂಡ್ ಇಫ್‌ನ ಕಪ್ಪು ತುದಿ ಸೀಳಿ ಆ ಗೆರೆ ಉಳಿಸ್ಕೋಬಹುದು, ಒಂದು ಮಟ್ಟಕ್ಕೆ. ಅದಕ್ಕಿಂತ ತಿಳಿ ಕೇಳಿದ್ರೆ ಆ ಒಂದು ಶೇಡು ಹಚ್ಚಿ ತೆಗೀರಿ ಅಂತೀನಿ, ಇಲ್ಲಾಂದ್ರೆ ಶೇಡಿಗೆ ಎರಡರಷ್ಟು ರೇಟ್ ಹೇಳ್ತೀನಿ, ರೇಟ್ ಕೇಳಿದ ಮೇಲೆ ಸಾಮಾನ್ಯವಾಗಿ ಹಚ್ಚಿಯೇ ತೆಗೀತಾರೆ.