ಜರ್ಮನ್ ಭಾಷೆಯ ಮೀಟ್‌ನಲ್ಲಿ ಮೈಕ್, ಕ್ಯಾಮೆರಾ, ಕ್ಯಾಪ್ಷನ್ ಹೊಂದಿಸಿದ ಬಗೆ

ಮೂಡಿಗೆರೆ ತಾಲ್ಲೂಕಿನ ಕೆಲವು ಸಣ್ಣ ಕಾಫಿ ಬೆಳೆಗಾರರ ಲೆಕ್ಕಪತ್ರವನ್ನೂ ಪತ್ರವ್ಯವಹಾರವನ್ನೂ ನಾನು ನೋಡಿಕೊಳ್ಳುತ್ತೇನೆ. ಕಾಫಿ ಕೊಳ್ಳುವ ಹೊರದೇಶದವರ ಜೊತೆಗಿನ ಮಾತುಕತೆ ಈಗ ಬಹುಪಾಲು ಗೂಗಲ್ ಮೀಟ್‌ನಲ್ಲಿಯೇ ನಡೆಯುತ್ತದೆ. ನಮ್ಮ ಕಚೇರಿಯ ಕಂಪ್ಯೂಟರಿಗೆ ಕ್ಯಾಮೆರಾ ಇಲ್ಲದ್ದರಿಂದ, ಜರ್ಮನಿಯಲ್ಲಿ ಕೆಲಸದಲ್ಲಿದ್ದು ರಜೆಗೆ ಊರಿಗೆ ಬಂದಿದ್ದ ಬೆಳೆಗಾರರೊಬ್ಬರ ಮಗಳು ತನ್ನ ಲ್ಯಾಪ್‌ಟಾಪನ್ನು ಒಂದು ಸಭೆಗೆಂದು ಕೊಟ್ಟಳು. ಅದರಲ್ಲಿ ವಿಂಡೋಸ್, ಕ್ರೋಮ್, ಮೀಟ್ ಮೂರೂ ಜರ್ಮನ್ ಭಾಷೆಯಲ್ಲಿದ್ದವು. "ಅಣ್ಣ, ಭಾಷೆ ಒಂದನ್ನು ಮಾತ್ರ ಬದಲಾಯಿಸಬೇಡಿ, ನನ್ನ ಕೆಲಸವೆಲ್ಲ ಇದರಲ್ಲೇ ಇದೆ" ಎಂದಳು. ಅವಳ ಮಾತು ಸರಿಯಾಗಿಯೇ ಇತ್ತು. ಬೇರೆಯವರ ಯಂತ್ರದಲ್ಲಿ, ಅದೂ ಸಭೆಗೆ ಮುಂಚಿನ ಗಂಟೆಯಲ್ಲಿ, ಭಾಷೆಗೆ ಕೈ ಹಾಕಬಾರದೆಂಬುದೇ ನನ್ನ ಅಭಿಪ್ರಾಯವೂ ಹೌದು. ಆದ್ದರಿಂದ ಜರ್ಮನ್ ಓದಲು ಬಾರದೆಯೂ ಎಲ್ಲವನ್ನೂ ಹೊಂದಿಸುವ ದಾರಿಯನ್ನು ಹಿಡಿದೆ.

ಈ ಕೆಲಸದಲ್ಲಿ ಮೊದಲು ತಿಳಿದಿರಬೇಕಾದದ್ದು, ಮೈಕ್ ಮತ್ತು ಕ್ಯಾಮೆರಾಗಳಿಗೆ ಅನುಮತಿ ಕೊಡುವ ಜಾಗ ಒಂದಲ್ಲ, ಮೂರು ಎಂಬುದು. ವಿಂಡೋಸ್ ತನ್ನ ಮಟ್ಟದಲ್ಲಿ ತಡೆಯಬಲ್ಲದು, ಕ್ರೋಮ್ ಪ್ರತಿಯೊಂದು ಜಾಲತಾಣಕ್ಕೂ ಬೇರೆಬೇರೆಯಾಗಿ ತಡೆಯಬಲ್ಲದು, ಮೀಟ್‌ನೊಳಗಿನ ಗುಂಡಿ ಆರಿರಲೂಬಹುದು. ಮೂರಕ್ಕೂ ಭಾಷೆ ಬರುವುದು ಬೇರೆಬೇರೆ ಕಡೆಯಿಂದ: ವಿಂಡೋಸಿನ ಭಾಷೆ ವಿಂಡೋಸಿನದು, ಕ್ರೋಮ್‌ನ ಭಾಷೆ ಕ್ರೋಮ್‌ನದು, ಮೀಟ್ ಮಾತ್ರ ಅದರಲ್ಲಿ ಲಾಗಿನ್ ಆಗಿರುವ ಗೂಗಲ್ ಖಾತೆಯ ಭಾಷೆಯನ್ನು ಅನುಸರಿಸುತ್ತದೆ. ಹಾಗಾಗಿ ಒಂದು ಕಡೆ ಭಾಷೆಯನ್ನು ಬದಲಾಯಿಸಿದರೂ ಅನುಮತಿ ಕೇಳುವ ಪೆಟ್ಟಿಗೆ ಹಳೆಯ ಭಾಷೆಯಲ್ಲಿಯೇ ಬರುವುದುಂಟು.

ನಾನು ಕೆಳಗಿನಿಂದ ಮೇಲಕ್ಕೆ, ಅಂದರೆ ವಿಂಡೋಸಿನಿಂದ ಆರಂಭಿಸಿದೆ. ಮೆನುಗಳಲ್ಲಿ ತಡಕಾಡುವ ಬದಲು ವಿಂಡೋಸ್ ಕೀಲಿಯನ್ನೂ R ಅನ್ನೂ ಒಟ್ಟಿಗೆ ಒತ್ತಿ, ತೆರೆದ ಚಿಕ್ಕ ಪೆಟ್ಟಿಗೆಯಲ್ಲಿ ಈ ವಿಳಾಸಗಳನ್ನು ಒಂದೊಂದಾಗಿ ಟೈಪ್ ಮಾಡಿದೆ. ಪರದೆಯ ಭಾಷೆ ಯಾವುದೇ ಇರಲಿ, ಈ ವಿಳಾಸಗಳು ಬದಲಾಗುವುದಿಲ್ಲ.

```
ms-settings:privacy-microphone
ms-settings:privacy-webcam
```

ಇಲ್ಲಿ ಕೀಬೋರ್ಡಿನ ಬಗ್ಗೆಯೂ ಒಂದು ಮಾತು ಹೇಳಬೇಕು. ಜರ್ಮನ್ ಕೀಬೋರ್ಡಿನಲ್ಲಿ Y ಮತ್ತು Z ಅಕ್ಷರಗಳು ಸ್ಥಳ ಬದಲಿಸಿಕೊಂಡಿರುತ್ತವೆ, ನಾವು Ctrl ಎಂದು ಓದಿ ರೂಢಿಯಾದ ಕೀಲಿಯ ಮೇಲೆ Strg ಎಂದಿರುತ್ತದೆ, ಅಡ್ಡಗೆರೆ ಬಲಗಡೆಯ ಶಿಫ್ಟ್‌ನ ಪಕ್ಕದಲ್ಲಿರುತ್ತದೆ, ಶಿಫ್ಟ್ ಹಿಡಿದು ಚುಕ್ಕಿಯ ಕೀಲಿಯನ್ನು ಒತ್ತಿದರೆ ವಿವರಣ ಚಿಹ್ನೆ ಬರುತ್ತದೆ. ಬೆರಳಿನ ರೂಢಿಯನ್ನು ನಂಬದೆ, ಕೀಲಿಯ ಮೇಲೆ ಅಚ್ಚಾದದ್ದನ್ನು ನೋಡಿಕೊಂಡೇ ಟೈಪ್ ಮಾಡಬೇಕು.

ತೆರೆದ ಪುಟದಲ್ಲಿ ಒಂದರ ಕೆಳಗೊಂದು ಸ್ವಿಚ್‌ಗಳಿರುತ್ತವೆ. ಗುಂಡು ಬಲಗಡೆಗಿದ್ದು ಬಣ್ಣ ತುಂಬಿದ್ದರೆ ಅದು ಚಾಲೂ ಇದೆ ಎಂದರ್ಥ. ಮೇಲಿನವು ಇಡೀ ಯಂತ್ರಕ್ಕೂ ಆ್ಯಪ್‌ಗಳಿಗೂ ಸಂಬಂಧಿಸಿದವು. ಕ್ರೋಮ್‌ಗೆ ಅವು ಮಾತ್ರ ಸಾಲದು, ಏಕೆಂದರೆ ವಿಂಡೋಸ್ ಕ್ರೋಮನ್ನು ಡೆಸ್ಕ್‌ಟಾಪ್ ಆ್ಯಪ್‌ಗಳ ಗುಂಪಿಗೆ ಸೇರಿಸುತ್ತದೆ. ಆ ಗುಂಪಿನ ಸ್ವಿಚ್ ಆ್ಯಪ್‌ಗಳ ಪಟ್ಟಿ ಮುಗಿದ ಮೇಲೆ ಪುಟದ ತಳದಲ್ಲಿರುತ್ತದೆ. ಅನೇಕರು ಮೇಲಿನದನ್ನು ನೋಡಿ ಸರಿಯಿದೆ ಎಂದುಕೊಂಡು ಪುಟವನ್ನು ಮುಚ್ಚಿಬಿಡುತ್ತಾರೆ. ತಳದವರೆಗೆ ಇಳಿದು ನೋಡಲೇಬೇಕು.

ಕ್ರೋಮ್‌ನ ಮಟ್ಟದಲ್ಲಿಯೂ ಇದೇ ಕ್ರಮ. ವಿಳಾಸಪಟ್ಟಿಯಲ್ಲಿ ಹೀಗೆ ಟೈಪ್ ಮಾಡಿದೆ:

```
chrome://settings/content/microphone
chrome://settings/content/camera
```

ಈ ಪುಟದ ಮೇಲ್ಭಾಗದಲ್ಲಿ ಸಾಧನವನ್ನು ಆರಿಸುವ ಪಟ್ಟಿಯೂ, ಕೆಳಗೆ ತಡೆದ ತಾಣಗಳ ಮತ್ತು ಅನುಮತಿಸಿದ ತಾಣಗಳ ಎರಡು ಪಟ್ಟಿಗಳೂ ಇರುತ್ತವೆ. ತಾಣದ ಹೆಸರಿಗೆ ಭಾಷೆಯ ಹಂಗಿಲ್ಲ, meet.google.com ಎಂದೇ ಕಾಣುತ್ತದೆ. ಅದು ತಡೆದವುಗಳ ಸಾಲಿನಲ್ಲಿದ್ದರೆ, ಎದುರಿನ ಕಸದಬುಟ್ಟಿಯ ಚಿತ್ರವನ್ನು ಒತ್ತಿ ಅಲ್ಲಿಂದ ತೆಗೆಯಬೇಕು. ಬಳಿಕ ಮೀಟ್‌ನ ಪುಟಕ್ಕೆ ಹೋಗಿ F5 ಒತ್ತಿದರೆ, ಕ್ರೋಮ್ ಅನುಮತಿಯನ್ನು ಹೊಸದಾಗಿ ಕೇಳುತ್ತದೆ. ಆಗ ಬರುವ ಪೆಟ್ಟಿಗೆಯಲ್ಲಿ ಒಂದರ ಕೆಳಗೊಂದು ಮೂರು ಗುಂಡಿಗಳಿದ್ದವು: ಮೇಲಿನದು ಈ ತಾಣಕ್ಕೆ ಭೇಟಿ ಕೊಟ್ಟಾಗಲೆಲ್ಲ ಅನುಮತಿ ಇರಲಿ ಎಂಬುದು, ನಡುವಿನದು ಈ ಸಲಕ್ಕೆ ಮಾತ್ರ, ಕೆಳಗಿನದು ಎಂದಿಗೂ ಬೇಡ. ಬೇರೆಯವರ ಯಂತ್ರವಾದ್ದರಿಂದ ನಡುವಿನದನ್ನು ಒತ್ತಿದೆ.

ಇಷ್ಟಾದ ಮೇಲೆ ಸಭೆಗೆ ಸೇರುವ ಮೊದಲು ಮೀಟ್ ತೋರಿಸುವ ಪೂರ್ವಸಿದ್ಧತೆಯ ಪರದೆಯಲ್ಲಿ ನಮ್ಮ ಚಿತ್ರ ಕಾಣಿಸಿತು. ಕ್ಯಾಮೆರಾದ ಮಟ್ಟಿಗೆ ಹೆಚ್ಚು ಹೇಳುವುದಿಲ್ಲ. ಗುಂಡಿಯ ಮೇಲೆ ಆಶ್ಚರ್ಯಸೂಚಕ ಚಿಹ್ನೆ ಇದ್ದರೆ ಅನುಮತಿಯ ತೊಂದರೆ, ಹಿಂದಿನ ಎರಡು ಪುಟಗಳಿಗೆ ಮರಳಬೇಕು. ಕ್ಯಾಮೆರಾದ ಪಕ್ಕದ ದೀಪ ಉರಿಯುತ್ತಿದ್ದೂ ಚಿತ್ರ ಪೂರ್ತಿ ಕಪ್ಪಾಗಿದ್ದರೆ, ಪರದೆಯ ಮೇಲಂಚಿನಲ್ಲಿ ಕ್ಯಾಮೆರಾವನ್ನು ಮುಚ್ಚುವ ಸಣ್ಣ ಜಾರುಮುಚ್ಚಳ ಇದೆಯೇ ಎಂದು ಮೊದಲು ಬೆರಳಿನಿಂದ ತಡವಿ ನೋಡಬೇಕು.

ಮೈಕ್ ಹೆಚ್ಚು ಸಮಯ ಬೇಡಿತು. ಶೆಡ್ಡಿನ ತಗಡಿನ ಮೇಲೆ ಮಳೆ ಸುರಿಯುತ್ತಿದ್ದುದರಿಂದ, ಬಾಯಿಯ ಹತ್ತಿರ ಮೈಕ್ ಇರುವ ಯುಎಸ್‌ಬಿ ಹೆಡ್‌ಸೆಟ್ಟನ್ನು ಸಿಕ್ಕಿಸಿದ್ದೆವು. ಆದರೆ ಹೆಡ್‌ಸೆಟ್ ಸಿಕ್ಕಿಸಿದ ಮಾತ್ರಕ್ಕೆ ಮೀಟ್ ಅದನ್ನೇ ಬಳಸುತ್ತದೆಂಬ ಖಾತ್ರಿಯಿಲ್ಲ. ಲ್ಯಾಪ್‌ಟಾಪಿನ ಒಳಗಿನ ಮೈಕನ್ನೇ ಹಿಡಿದುಕೊಂಡಿರಬಹುದು. ಮೂರು ಚುಕ್ಕಿಗಳ ಗುಂಡಿಯನ್ನು ಒತ್ತಿ, ಹಲ್ಲಿನ ಚಕ್ರದ ಚಿತ್ರವಿದ್ದ Einstellungen ಎಂಬ ಸಾಲನ್ನು ತೆರೆದೆ. ಎಡಗಡೆಯ ಸಾಲಿನಲ್ಲಿ Audio, Video, Untertitel ಎಂಬ ವಿಭಾಗಗಳಿದ್ದವು. ಮೊದಲನೆಯದು ಧ್ವನಿ, ಎರಡನೆಯದು ಕ್ಯಾಮೆರಾ, ಮೂರನೆಯದು ಕ್ಯಾಪ್ಷನ್. ಧ್ವನಿಯ ವಿಭಾಗದಲ್ಲಿ Mikrofon ಎಂಬುದರ ಕೆಳಗಿನ ಪಟ್ಟಿಯನ್ನು ತೆರೆದಾಗ ಒಂದೇ ಮೈಕ್ ಹಲವು ಸಲ ಕಾಣಿಸಿತು. ವಿಂಡೋಸ್ ತಾನಾಗಿ ಆರಿಸಿದ್ದಕ್ಕೊಂದು ಸಾಲು, ಕರೆಗಳಿಗೆಂದು ಆರಿಸಿದ್ದಕ್ಕೊಂದು ಸಾಲು, ಆಮೇಲೆ ಸಾಧನದ ಸ್ವಂತ ಸಾಲು ಎಂದು ಕ್ರೋಮ್ ತೋರಿಸುವುದೇ ಹೀಗೆ. ಆ ಸಾಲುಗಳ ಮೊದಲ ಪದ ಜರ್ಮನ್ ಆದರೂ, ಆವರಣದೊಳಗಿನ ಸಾಧನದ ಹೆಸರು ತಯಾರಕರು ಇಟ್ಟದ್ದೇ ಆಗಿರುತ್ತದೆ. Realtek ಎಂದಿದ್ದದ್ದು ಲ್ಯಾಪ್‌ಟಾಪಿನದು, USB ಎಂದಿದ್ದದ್ದು ನಮ್ಮ ಹೆಡ್‌ಸೆಟ್ಟಿನದು. ಮೊದಲ ಎರಡು ಸಾಲುಗಳನ್ನು ಬಿಟ್ಟು, USB ಹೆಸರಿನ ಸ್ವಂತ ಸಾಲನ್ನೇ ಆರಿಸಿದೆ. ತಾನಾಗಿ ಆರಿಸಿದ ಸಾಲಿನಲ್ಲಿ ಬಿಟ್ಟರೆ, ಸಭೆಯ ನಡುವೆ ಹೆಡ್‌ಸೆಟ್ಟಿನ ತಂತಿ ಅಲುಗಾಡಿದಾಗ ಮೈಕ್ ನಮಗೆ ತಿಳಿಯದಂತೆ ಬದಲಾಗಬಹುದು.

ಆರಿಸಿದ್ದು ಸರಿಯೇ ಎಂದು ತಿಳಿಯಲು ನಾನು ಮಾತನಾಡಿ ನೋಡುವುದಿಲ್ಲ. ಮಾತು ಎರಡೂ ಮೈಕ್‌ಗಳಿಗೆ ಕೇಳಿಸುವುದರಿಂದ, ಆರಿಸಿದ್ದು ಯಾವ ಮೈಕ್ ಆಗಿದ್ದರೂ ಧ್ವನಿಸೂಚಕ ಕುಣಿಯುತ್ತದೆ. ಅದರ ಬದಲು ಹೆಡ್‌ಸೆಟ್ಟಿನ ಮೈಕಿನ ತುದಿಯನ್ನು ಉಗುರಿನಿಂದ ಮೆಲ್ಲಗೆ ಕೆರೆಯುತ್ತೇನೆ. ಪಟ್ಟಿಯ ಪಕ್ಕದ ಸೂಚಕ ಜೋರಾಗಿ ಏರಿದರೆ ಸರಿ, ಅಲುಗಾಡದಿದ್ದರೆ ಲ್ಯಾಪ್‌ಟಾಪಿನ ಮೈಕ್ ಕೆಲಸ ಮಾಡುತ್ತಿದೆ ಎಂದರ್ಥ. Lautsprecher ಎಂಬ ಸ್ಪೀಕರಿನ ಪಟ್ಟಿಯಲ್ಲಿಯೂ ಅದೇ USB ಹೆಸರನ್ನೇ ಆರಿಸಿಕೊಳ್ಳಬೇಕು. ಅದನ್ನು ಬಿಟ್ಟರೆ ಎದುರಿನವರ ಧ್ವನಿ ಲ್ಯಾಪ್‌ಟಾಪಿನ ಸ್ಪೀಕರಿನಿಂದ ಹೊರಟು ನಮ್ಮ ಮೈಕಿಗೆ ಮರಳಿ ಬೀಳುತ್ತದೆ.

ಕ್ಯಾಪ್ಷನ್ ನಮಗೆ ಅಲಂಕಾರಕ್ಕೆ ಬೇಕಾದದ್ದಲ್ಲ. ಕೊಳ್ಳುವವರು ಜರ್ಮನ್ ಉಚ್ಚಾರದ ಇಂಗ್ಲಿಷ್‌ನಲ್ಲಿ ತೇವಾಂಶ, ಗ್ರೇಡ್, ಮೂಟೆಗಳ ಲೆಕ್ಕವನ್ನು ಬೇಗಬೇಗ ಹೇಳುತ್ತಾರೆ; ಬೆಳೆಗಾರರು ಕೇಳಿಸಿಕೊಂಡದ್ದನ್ನು ಕಣ್ಣಿನಿಂದಲೂ ನೋಡಿ ಖಚಿತಪಡಿಸಿಕೊಳ್ಳಲು ಬಯಸುತ್ತಾರೆ. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಮೆನುವಿನ ಭಾಷೆ ಬೇರೆ, ಕ್ಯಾಪ್ಷನ್‌ನ ಭಾಷೆ ಬೇರೆ. ಕ್ಯಾಪ್ಷನ್‌ಗೆ ಆರಿಸಬೇಕಾದದ್ದು ನಾವು ಓದಲು ಇಷ್ಟಪಡುವ ಭಾಷೆಯಲ್ಲ, ಸಭೆಯಲ್ಲಿ ಆಡುವ ಭಾಷೆ. ಅವಳ ಖಾತೆಯಲ್ಲಿ ಅದು Deutsch ಎಂದಿತ್ತು. ಹಾಗೆಯೇ ಬಿಟ್ಟಿದ್ದರೆ ಮೀಟ್ ಇಂಗ್ಲಿಷ್ ಮಾತನ್ನು ಜರ್ಮನ್ ಎಂದೇ ತಿಳಿದು, ಹತ್ತಿರದ ಶಬ್ದವಿರುವ ಜರ್ಮನ್ ಪದಗಳನ್ನು ಪೋಣಿಸುತ್ತಿತ್ತು. ಇದನ್ನು ಗುರುತಿಸುವುದು ಸುಲಭ: ಮಾತು ಸ್ಪಷ್ಟವಾಗಿ ಕೇಳುತ್ತಿದ್ದರೂ ಸಾಲುಗಳಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಪದಗಳು ಬರುತ್ತವೆ, ಇಲ್ಲವೇ ಬಹಳ ಹೊತ್ತು ಏನೂ ಬರುವುದಿಲ್ಲ. ಆಗ ದೋಷ ಮೈಕಿನದೆಂದು ಹುಡುಕುತ್ತ ಹೋಗುವುದು ವ್ಯರ್ಥ.

Untertitel ವಿಭಾಗದಲ್ಲಿ ಭಾಷೆಯ ಪಟ್ಟಿಯನ್ನು ತೆರೆದು Englisch ಆರಿಸಿದೆ. ಅಲ್ಲಿಯೇ ಅಕ್ಷರದ ಗಾತ್ರವನ್ನು ಹೆಚ್ಚಿಸುವ ಆಯ್ಕೆಯೂ ಇದೆ; ಒಂದೇ ಲ್ಯಾಪ್‌ಟಾಪಿನ ಸುತ್ತ ಹಲವರು ಕುಳಿತಿದ್ದರಿಂದ ದೊಡ್ಡ ಗಾತ್ರವನ್ನೇ ಇಟ್ಟೆ. ಕೆಲವು ಖಾತೆಗಳಲ್ಲಿ ಕ್ಯಾಪ್ಷನ್ನನ್ನು ಇನ್ನೊಂದು ಭಾಷೆಗೆ ಅನುವಾದಿಸುವ ಆಯ್ಕೆಯೂ ಬರುತ್ತದೆ, ವ್ಯಾಪಾರದ ಮಾತಿನಲ್ಲಿ ನಾನು ಅದನ್ನು ಮುಟ್ಟುವುದಿಲ್ಲ. ಕೇಳಿ ಬರೆಯುವಾಗ ಒಂದು ತಪ್ಪು, ಅನುವಾದಿಸುವಾಗ ಮತ್ತೊಂದು ತಪ್ಪು ಸೇರಿದರೆ, ಯಾವುದು ಎಲ್ಲಿಂದ ಬಂತೆಂದು ಹಿಡಿಯುವುದು ಕಷ್ಟ.

ಸರಿಯಾದ ಭಾಷೆಯನ್ನು ಆರಿಸಿದ ಮೇಲೂ ಕ್ಯಾಪ್ಷನ್‌ಗೆ ಮಿತಿಯಿದೆ. ಹದಿನೈದು, ಐವತ್ತು ಎಂಬ ಅರ್ಥದ ಇಂಗ್ಲಿಷ್ ಸಂಖ್ಯೆಗಳು ಅದಕ್ಕೆ ಒಂದೇ ತೆರನಾಗಿ ಕೇಳಿಸುತ್ತವೆ. ಊರಿನ ಹೆಸರುಗಳೂ ಎಸ್ಟೇಟಿನ ಹೆಸರುಗಳೂ ಏನೇನೋ ಆಗುತ್ತವೆ. ಆ ದಿನ ಮೂಟೆಗಳ ಸಂಖ್ಯೆ ಪರದೆಯ ಮೇಲೆ 50 ಎಂದು ಬಂದಾಗ, ನಮಗೆ ಕೇಳಿಸಿದ್ದು 15 ಆಗಿದ್ದರಿಂದ, ಎರಡನ್ನೂ ಚಾಟ್‌ನಲ್ಲಿ ಬರೆದು ಯಾವುದು ಎಂದು ಕೇಳಿದೆವು. ಉತ್ತರ 15 ಎಂದೇ ಬಂತು. ಆಮೇಲೆ ಪ್ರತಿಯೊಂದು ಬೆಲೆಯನ್ನೂ ಪ್ರಮಾಣವನ್ನೂ ಚಾಟ್‌ನಲ್ಲಿ ಬರೆಸಿಕೊಂಡೇ ಮುಂದುವರಿದೆವು.

ಸಭೆ ನಡೆಯುವಾಗ ಮೆನು ತೆರೆಯುವ ಪ್ರಮೇಯವೇ ಬರಬಾರದು. ಮೈಕನ್ನು ತೆರೆಯಲು, ಮುಚ್ಚಲು Strg ಮತ್ತು D, ಕ್ಯಾಮೆರಾಕ್ಕೆ Strg ಮತ್ತು E, ಕ್ಯಾಪ್ಷನ್‌ಗೆ C ಒಂದೇ ಸಾಕು. ಒತ್ತುವ ಮೊದಲು ಸಭೆಯ ಚಿತ್ರದ ಮೇಲೆ ಒಮ್ಮೆ ಕ್ಲಿಕ್ ಮಾಡಿರಬೇಕು. D ಒತ್ತಿದಾಗ ಪುಟವನ್ನು ಬುಕ್‌ಮಾರ್ಕ್ ಮಾಡುವ ಪೆಟ್ಟಿಗೆ ತೆರೆದರೆ, ಅಥವಾ E ಒತ್ತಿದಾಗ ಕರ್ಸರ್ ವಿಳಾಸಪಟ್ಟಿಗೆ ಹಾರಿದರೆ, ಆದೇಶ ಮೀಟ್‌ಗೆ ತಲುಪದೆ ಕ್ರೋಮ್‌ಗೆ ಹೋಗಿದೆ ಎಂದು ತಿಳಿಯಬೇಕು. C ಒತ್ತಿದಾಗ ಆ ಅಕ್ಷರ ಚಾಟ್‌ನಲ್ಲಿ ಮೂಡಿದರೆ, ಕರ್ಸರ್ ಇನ್ನೂ ಅಲ್ಲಿಯೇ ಇದೆ ಎಂದರ್ಥ.

ಮುಂದಿನ ಸಭೆಗಳಿಗೂ ಅದೇ ಲ್ಯಾಪ್‌ಟಾಪ್ ಸಿಗುವುದೆಂದು ಗೊತ್ತಾದ ಮೇಲೆ, ಅವಳ ಒಪ್ಪಿಗೆ ಪಡೆದು ಕ್ರೋಮ್‌ನಲ್ಲಿ ನಮಗೆಂದೇ ಪ್ರತ್ಯೇಕ ಪ್ರೊಫೈಲ್ ಮಾಡಿ, ಕನ್ನಡಕ್ಕೆ ಹೊಂದಿಸಿದ ನಮ್ಮ ಗೂಗಲ್ ಖಾತೆಯಿಂದ ಲಾಗಿನ್ ಆದೆ. ಮೀಟ್ ಖಾತೆಯ ಭಾಷೆಯನ್ನು ಅನುಸರಿಸುವುದರಿಂದ ಅವಳ ಪ್ರೊಫೈಲಿನಲ್ಲಿ ಏನೂ ಕದಲಲಿಲ್ಲ. ಆದರೆ ಕ್ರೋಮ್‌ನ ಸ್ವಂತ ಮೆನುಗಳು ಜರ್ಮನ್‌ನಲ್ಲಿಯೇ ಉಳಿದವು. ತಾಣಕ್ಕೆ ಕೊಟ್ಟ ಅನುಮತಿ ಪ್ರೊಫೈಲಿಗೆ ಸೇರಿದ್ದಾದ್ದರಿಂದ ಹೊಸ ಪ್ರೊಫೈಲಿನಲ್ಲಿ ಮೈಕಿಗೂ ಕ್ಯಾಮೆರಾಕ್ಕೂ ಮತ್ತೆ ಅನುಮತಿ ಕೊಡಬೇಕಾಯಿತು. ಮೀಟ್ ಕನ್ನಡದಲ್ಲಿದ್ದರೂ, ಕೊಳ್ಳುವವರ ಮಾತು ಇಂಗ್ಲಿಷ್ ಆದ್ದರಿಂದ ಕ್ಯಾಪ್ಷನ್‌ನ ಭಾಷೆಯನ್ನು ಅಲ್ಲಿಯೂ ಇಂಗ್ಲಿಷ್‌ಗೇ ಇಟ್ಟಿದ್ದೇವೆ.