ಮೂರ್ಛೆ ಪಾಠ: ಒಬ್ಬರು ಹೊರಳಿಸಲಿ, ಒಬ್ಬರು ವಿಡಿಯೋ ಮಾಡಲಿ
ಮೂರ್ಛೆರೋಗ ಇರುವವರ ಮನೆಯವರಿಗೆ ಕಲಿಸುವಾಗ ಒಬ್ಬರನ್ನು ಚಾಪೆ ಮೇಲೆ ಮಲಗಿಸಿ, ಇಬ್ಬರಿಗೆ ಕೆಲಸ ಹಂಚಿ. ಒಬ್ಬರು ಪಕ್ಕಕ್ಕೆ ಹೊರಳಿಸಬೇಕು, ಇನ್ನೊಬ್ಬರು ಫೋನಿನಲ್ಲಿ ವಿಡಿಯೋ ಮಾಡಬೇಕು. ಗಾಬರಿಯಲ್ಲಿ ಎರಡು ನಿಮಿಷವೂ ಅರ್ಧ ಗಂಟೆ ಅನಿಸುತ್ತದೆ, ಅಲ್ವಾ? ವಿಡಿಯೋದಲ್ಲಿ ಸಮಯ ಗೊತ್ತಾಗುತ್ತದೆ, ಕಣ್ಣು ತೆರೆದಿತ್ತಾ ಮುಚ್ಚಿತ್ತಾ ಅನ್ನೋದನ್ನೂ ಡಾಕ್ಟರು ನೋಡಬಹುದು. ಆದರೆ ಶುರುವಾದ ಕ್ಷಣ ವಿಡಿಯೋಗೆ ಸಿಗುವುದಿಲ್ಲ. ತಲೆ ಯಾವ ಕಡೆ ತಿರುಗಿತು, ಯಾವ ಕೈ ಮೊದಲು ಅದುರಿತು ಎಂದು ಕಂಡವರು ಆಗಲೇ ಬರೆದಿಡಲಿ. ಒಬ್ಬರೇ ಇದ್ದರೆ ವಿಡಿಯೋ ಬಿಡಿ, ಹೊರಳಿಸುವುದೇ ಮುಖ್ಯ. ಕೈಗೆ ಕಬ್ಬಿಣ, ಬಾಯಿಗೆ ಚಮಚ ಬೇಡವೇ ಬೇಡ. 5 ನಿಮಿಷ ದಾಟಿದರೆ 108. ಮೂಡಿಗೆರೆ, ಸಕಲೇಶಪುರದ ತೋಟದ ಲೈನ್ ಮನೆಗಳಿಗೆ ಆಂಬುಲೆನ್ಸ್ ಬರುವುದು ತಡ, ಅಲ್ಲಿ 3 ನಿಮಿಷಕ್ಕೇ ಕರೆ ಮಾಡಲು ಹೇಳಿ.