ಸ್ವೆಟರಿಗೆ ದಾರ ಕೊಳ್ಳುವ ಮುಂಚೆ

ಅಂಗಡಿಯಲ್ಲಿ ಉಂಡೆಯನ್ನು ಬೆರಳಲ್ಲಿ ಒತ್ತಿ "ಅಯ್ಯೋ, ಎಷ್ಟು ಮೆತ್ತಗಿದೆ!" ಅಂತ ಎಂಟುಹತ್ತು ಉಂಡೆ ಕಟ್ಟಿಸಿಕೊಂಡು ಬರುವ ಹುಡುಗಿಯರನ್ನು ನೋಡಿ ನೋಡಿ ಸಾಕಾಗಿದೆ. ಹದಿನೈದು ದಿನ ಕೂತು ಹೆಣೆಯುತ್ತೀರಿ, ಮಗು ಅರ್ಧ ಗಂಟೆಯಲ್ಲಿ ಕತ್ತು ಕೆರೆದುಕೊಂಡು ಅಳುತ್ತದೆ. ಮೊದಲು ಉಂಡೆಗೆ ಸುತ್ತಿರುವ ಚೀಟಿ ಓದಿ. ಅಂಗಡಿಯವರು ಉಲ್ಲನ್ ಅಂತ ಕೊಡುವುದು ಎಷ್ಟೋ ಸಲ ಬರೀ ಅಕ್ರಿಲಿಕ್ ಎಂಬ ಕೃತಕ ದಾರ.

ಅಕ್ರಿಲಿಕ್ ಹಗುರ, ಅಗ್ಗ, ಒಗೆಯುವುದೂ ಸುಲಭ. ಆದರೆ ಬೆವರು ಹೀರುವುದಿಲ್ಲ. ಬೆಂಗಳೂರು, ಮೈಸೂರಿನ ಚಳಿ ಬೆಳಗ್ಗೆ ಇದ್ದು ಹತ್ತು ಗಂಟೆಗೆಲ್ಲ ಹೋಗುವಂಥದ್ದು. ಬಿಸಿಲೇರಿದ ಮೇಲೂ ಸ್ವೆಟರ್ ತೆಗೆಯದಿದ್ದರೆ ಬೆನ್ನು ಒದ್ದೆಯಾಗಿ ಅಲ್ಲೇ ತುರಿಕೆ ಶುರು. ಉಣ್ಣೆ ಚುಚ್ಚುವುದು ಹೆಚ್ಚಾಗಿ ಅಲರ್ಜಿಯಿಂದಲ್ಲ, ದಪ್ಪ ಎಳೆಗಳ ತುದಿ ಚರ್ಮಕ್ಕೆ ತಾಗುವುದರಿಂದ. ಮೆರಿನೊ ಕುರಿಯ ಉಣ್ಣೆಯ ಎಳೆ ಸಣ್ಣದು, ಅಷ್ಟು ಚುಚ್ಚುವುದಿಲ್ಲ. ಆದರೂ ನಮ್ಮ ಚಳಿಗೆ ಅಷ್ಟು ದುಡ್ಡು ಯಾಕೆ? ದೆಹಲಿ ಕಡೆ ಹೋಗುವವರಿಗೆ ಹೆಣೆಯಿರಿ. ಸೂಕ್ಷ್ಮ ಚರ್ಮದವರಿಗೆ ಇಲ್ಲಿಯ ಮಟ್ಟಿಗೆ ನನ್ನ ಮಾತು ಹತ್ತಿ ದಾರವೇ.

ಹತ್ತಿಗೆ ಒಂದೇ ದೋಷ, ಉಣ್ಣೆಯ ಹಾಗೆ ಎಳೆದರೆ ಹಿಂದಕ್ಕೆ ಬರುವುದಿಲ್ಲ. ಭಾರಕ್ಕೆ ಜೋತು ಬಿದ್ದು ಮೊಣಕಾಲಿಗೆ ಇಳಿಯುತ್ತದೆ. ಇದಕ್ಕೆ ನಮ್ಮತ್ತೆ ಕಲಿಸಿದ ಉಪಾಯ ಬಿಡಬೇಡಿ. ಸೈಕಲ್ ಕಡ್ಡಿಯಲ್ಲೇ ಹೆಣೆಯುತ್ತಿದ್ದವರು ಅವರು, ಮೊದಲು ಪರೀಕ್ಷೆಗೆ ಒಂದು ತುಂಡು ಹೆಣೆಯದೆ ಒಂದು ಸ್ವೆಟರೂ ಶುರು ಮಾಡಿದವರಲ್ಲ. ಒಂದೇ ಉಂಡೆ ತನ್ನಿ. ನೀವು ಹಾಕಬೇಕೆಂದಿರುವ ಹೆಣಿಗೆಯಲ್ಲೇ ಅಂಗೈಗಿಂತ ಕೊಂಚ ದೊಡ್ಡ ಚೌಕ ಹೆಣೆಯಿರಿ. ಸ್ವೆಟರ್ ಒಗೆಯುವ ಹಾಗೆಯೇ ಒಗೆದು, ಟವಲಿನ ಮೇಲೆ ಹರಡಿ ಪೂರ್ತಿ ಒಣಗಿಸಿ. ನಡುವೆ ಉದ್ದಕ್ಕೆ 4 ಇಂಚು ಅಳೆದು ಎರಡೂ ಕಡೆ ಬಣ್ಣದ ನೂಲು ಕಟ್ಟಿ ಗುರುತು ಮಾಡಿ. ಆಮೇಲೆ ಮೇಲಂಚನ್ನು ತಂತಿಗೆ ಸಿಕ್ಕಿಸಿ, ಕೆಳಂಚಿಗೆ ಬಟ್ಟೆ ಕ್ಲಿಪ್ಪುಗಳನ್ನು ಸಾಲಾಗಿ ಹಾಕಿ ರಾತ್ರಿಯಿಡೀ ಬಿಡಿ. ಬೆಳಗ್ಗೆ ಮತ್ತೆ ಅಳೆಯಿರಿ. 4 ಇಂಚು ನಾಲ್ಕೂವರೆ ಆಗಿದ್ದರೆ, 18 ಇಂಚು ಉದ್ದ ಬೇಕಾದ ಸ್ವೆಟರನ್ನು 16 ಇಂಚಿಗೇ ನಿಲ್ಲಿಸಿ. ಐದರ ಹತ್ತಿರ ಹೋಗಿದ್ದರೆ ಹೆಣಿಗೆ ಸಡಿಲ ಅಂತ ಅರ್ಥ. ಸಣ್ಣ ಕಡ್ಡಿ ತೆಗೆದುಕೊಂಡು ಇನ್ನೊಂದು ತುಂಡು ಹೆಣೆಯಿರಿ. ಬೇಜಾರು ಅನ್ನಬೇಡಿ, ಪೂರ್ತಿ ಬಿಚ್ಚುವುದು ಅದಕ್ಕಿಂತ ಬೇಜಾರು.

ಅದೇ ತುಂಡನ್ನು ಹಾಕಿಕೊಳ್ಳುವವರ ಕತ್ತಿನ ಹಿಂದೆ, ರವಿಕೆಯಂಚಿಗೋ ಬನಿಯನ್ನಿಗೋ ಸಿಕ್ಕಿಸಿ ಒಂದು ಸಂಜೆ ಇಡಿ. ಅಲ್ಲಿ ಬೆವರೂ ಉಜ್ಜಾಟವೂ ಎರಡೂ ಇರುತ್ತವೆ, ಬೆರಳಿಗೆ ತಿಳಿಯದ್ದು ಅಲ್ಲಿ ತಿಳಿಯುತ್ತದೆ. ಕೆಂಪಾದರೆ ಆ ದಾರ ಬೇಡ. ಏನೂ ಆಗದಿದ್ದರೆ ಉಳಿದ ಉಂಡೆ ತರಲು ಹೋಗಿ, ಚೀಟಿಯ ಮೇಲಿನ ಬಣ್ಣದ ಲಾಟ್ ನಂಬರ್, ಅಂದರೆ ಒಂದೇ ಸಲ ಬಣ್ಣ ಹಾಕಿದ ದಾರದ ಗುರುತು, ಒಂದೇ ಇರಲಿ.